ತೆಲುಗಿನ ‘ಲೋ’, ಕನ್ನಡದ ‘ಲೋ’: ತಪ್ಪು ಕೇಳಿದ ಹಾಡು ನಗಿಸುವುದೇಕೆ?

ತೆಲುಗಿನಲ್ಲಿ ‘ಲೋ’ ಎಂದರೆ ಒಳಗೆ ಎಂದು ಅರ್ಥ. ಕನ್ನಡದಲ್ಲಿ ಅದು ಗಂಡಸನ್ನು ಏಕವಚನದಲ್ಲಿ, ಸಲಿಗೆಯಿಂದಲೋ ಸಿಟ್ಟಿನಿಂದಲೋ ಕರೆಯುವ ಸದ್ದು. ಇಷ್ಟು ಸಣ್ಣ ವ್ಯತ್ಯಾಸದ ಮೇಲೆ ಬಳ್ಳಾರಿ, ರಾಯಚೂರು, ಕೊಪ್ಪಳದ ಹುಡುಗರ ಫೋನುಗಳಲ್ಲಿ, ತೆಲುಗು ಹಾಡಿನ ದೃಶ್ಯಕ್ಕೆ ಕೇಳಿಸಿದಂತೆ ಕನ್ನಡ ಸಬ್‌ಟೈಟಲ್ ಹಾಕಿದ ವಿಡಿಯೊಗಳ, ನಗೆಯ ಒಂದು ಸಂಸಾರವೇ ಬೆಳೆದಿದೆ. ನಾಯಕ ‘ನಿನ್ನ ಎದೆಯಲ್ಲಿ’ ಎನ್ನಲು ತೆಲುಗಿನಲ್ಲಿ ‘ನೀ ಗುಂಡೆಲೋ’ ಎಂದು ಹಾಡುತ್ತಾನೆ. ಪರದೆಯ ಕೆಳಗೆ ಕನ್ನಡದಲ್ಲಿ ‘ನೀ ಗುಂಡ ಲೋ’ ಎಂದು ಬರುತ್ತದೆ. ನಾಯಕಿ ‘ನಿನ್ನ ನಗುವಿನಲ್ಲಿ’ ಎನ್ನಲು ‘ನೀ ನವ್ವುಲೋ’ ಎಂದರೆ, ಸಬ್‌ಟೈಟಲ್ ಬರೆದವನು ‘ನೀನವ್ವ ಲೋ’ ಎಂದು ಬರೆದು ನಾಯಕನನ್ನು ತಾಯಿಯ ಸ್ಥಾನದಲ್ಲಿ ಕೂರಿಸುತ್ತಾನೆ. ಹಾಡಿದ ದನಿಯಾಗಲಿ ರಾಗವಾಗಲಿ ಬದಲಾಗಿರುವುದಿಲ್ಲ, ನಟರ ಮುಖದ ಭಾವವೂ ಇದ್ದಂತೆಯೇ ಇರುತ್ತದೆ. ಆದರೂ ಒಮ್ಮೆ ಆ ಬರಹ ಓದಿದ ಮೇಲೆ ಕಿವಿಗೆ ಬೇರೇನೂ ಕೇಳಿಸುವುದಿಲ್ಲ.

ಈ ಬಗೆಯ ತಮಾಷೆಯನ್ನು ತಲೆಹರಟೆ ಎಂದು ತಳ್ಳಿಹಾಕುವುದು ಸುಲಭ, ಮತ್ತು ಅದರಲ್ಲಿ ತಲೆಹರಟೆಯೂ ಬೇಕಾದಷ್ಟಿದೆ. ಆದರೆ ಇಲ್ಲಿ ಕೇಳಬೇಕಾದ ಒಂದು ಪ್ರಶ್ನೆ ಇದೆ. ಸರಿಯಾದ ಸಾಹಿತ್ಯ ಯಾರನ್ನೂ ನಗಿಸುವುದಿಲ್ಲ. ಬಾಯಿಗೆ ಬಂದದ್ದನ್ನು ಬರೆದರೂ ಯಾರೂ ನಗುವುದಿಲ್ಲ. ಇವೆರಡರ ನಡುವೆ ಎಲ್ಲೋ ಬೀಳುವ ಕೆಲವು ತಪ್ಪುಗಳು ಮಾತ್ರ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡುತ್ತವೆ. ಆ ಕೆಲವು ತಪ್ಪುಗಳಲ್ಲಿ ಏನಿದೆ?

ಒಂದು ಸಾಲನ್ನು ಹಿಡಿದು ನೋಡೋಣ. ಇದು ಯಾವ ಚಿತ್ರದ ಸಾಲೂ ಅಲ್ಲ, ತೆಲುಗು ಪ್ರೇಮಗೀತೆಗಳಲ್ಲಿ ಸದಾ ಓಡಾಡುವ ಪದಗಳನ್ನೇ ಜೋಡಿಸಿ ನಾನು ಹೊಸೆದದ್ದು: ‘ನೀ ಕಳ್ಳಲೋ, ನಾ ಕಲಲು’. ತೆಲುಗಿನಲ್ಲಿ ಕಳ್ಳು ಎಂದರೆ ಕಣ್ಣುಗಳು, ಕಲಲು ಎಂದರೆ ಕನಸುಗಳು. ನಿನ್ನ ಕಣ್ಣುಗಳಲ್ಲಿ ನನ್ನ ಕನಸುಗಳು ಎಂಬ, ಸಾವಿರ ಸಲ ಕೇಳಿ ಸವೆದ ಭಾವ. ಇದನ್ನೇ ರಾಗಕ್ಕೆ ಹಾಕಿ, ಹಿಂದೆ ತಬಲಾ ಮತ್ತು ಕೀಬೋರ್ಡ್ ಬಾರಿಸಿ, ಕೆಳಗೆ ಕನ್ನಡದಲ್ಲಿ ‘ನೀ ಕಳ್ಳ ಲೋ, ನಾ ಕಳ್ಳಲ್ಲ’ ಎಂದು ಬರೆದರೆ, ಪ್ರೇಮದ ಸಾಲು ಸಂತೆಯಲ್ಲಿ ನಡೆಯುವ ಜಗಳವಾಗಿಬಿಡುತ್ತದೆ. ಕಳವು ಮಾಡಿದವನು ನೀನು, ನಾನಲ್ಲ.

ಈ ಎರಡು ಸಾಲುಗಳನ್ನು ಬಿಡಿಸಿ ಪಕ್ಕಪಕ್ಕದಲ್ಲಿಟ್ಟರೆ ಕೆಲಸ ಹೇಗೆ ನಡೆದಿದೆ ಎಂಬುದು ಕಾಣುತ್ತದೆ. ತೆಲುಗಿನ ಸಾಲನ್ನು ಉಚ್ಚಾರದಂತೆ ಒಡೆದರೆ ನೀ, ಕಳ್, ಳ, ಲೋ, ನಾ, ಕ, ಲ, ಲು ಎಂದು 8 ತುಂಡುಗಳಾಗುತ್ತವೆ. ಕನ್ನಡದ ಸಾಲನ್ನು ಒಡೆದರೆ ನೀ, ಕಳ್, ಳ, ಲೋ, ನಾ, ಕಳ್, ಳಲ್, ಲ ಎಂದು ಅವೂ 8 ತುಂಡುಗಳೇ. ಮೊದಲ ಅರ್ಧದಲ್ಲಿ ಒಂದಕ್ಷರವೂ ಬದಲಾಗಿಲ್ಲ. ‘ಕಳ್ಳಲೋ’ ಎಂಬ ಒಂದು ಪದ ‘ಕಳ್ಳ ಲೋ’ ಎಂದು ಎರಡಾಗಿ ಒಡೆದಿದೆ, ಅಷ್ಟೆ. ಎರಡನೆಯ ಅರ್ಧದಲ್ಲಿ ಮೋಸ ನಡೆದಿದೆ. ಮಾತ್ರೆ ಎಣಿಸಿದರೆ ‘ನಾ ಕಲಲು’ 5 ಮಾತ್ರೆ, ‘ನಾ ಕಳ್ಳಲ್ಲ’ 7 ಮಾತ್ರೆ. ಓದುವಾಗ ಈ ವ್ಯತ್ಯಾಸ ಯಾರ ಕಿವಿಗೂ ತಪ್ಪುವುದಿಲ್ಲ. ಆದರೆ ಹಾಡಿನಲ್ಲಿ ಎರಡೂ ಅರ್ಧಗಳು ಒಂದೇ ತಾಳದ ಅಳತೆಯಲ್ಲಿ ಕೂರಬೇಕು. ಮೊದಲ ಅರ್ಧ 7 ಮಾತ್ರೆಯಷ್ಟು ಉದ್ದವಿದ್ದರೆ ಎರಡನೆಯದನ್ನೂ ಗಾಯಕ ಎಳೆದು ಅಷ್ಟೇ ಉದ್ದ ಮಾಡುತ್ತಾನೆ. ಲಘುವನ್ನು ಗುರುವಿನಷ್ಟು ಎಳೆದ ಕ್ಷಣವೇ ‘ಕ’ ಮತ್ತು ‘ಕಳ್’ ಎಂಬುವುಗಳ ನಡುವಿನ ಗೋಡೆ ತೆಳ್ಳಗಾಗುತ್ತದೆ.

ಕನ್ನಡದಲ್ಲೂ ತೆಲುಗಿನಲ್ಲೂ ಹ್ರಸ್ವ, ದೀರ್ಘಗಳು ಅರ್ಥವನ್ನೇ ಬದಲಿಸುತ್ತವೆ. ನಡು ಬೇರೆ, ನಾಡು ಬೇರೆ. ಮರ ಬೇರೆ, ಮಾರ ಬೇರೆ. ಮಾತಿನಲ್ಲಿ ಈ ಭೇದವನ್ನು ನಾವು ಎಂದೂ ಬಿಟ್ಟುಕೊಡುವುದಿಲ್ಲ. ರಾಗ ಮಾತ್ರ ಅದನ್ನು ಲೆಕ್ಕಿಸುವುದಿಲ್ಲ, ತನಗೆ ಬೇಕಾದ ಕಡೆ ಎಳೆಯುತ್ತದೆ, ಬೇಡವಾದ ಕಡೆ ನುಂಗುತ್ತದೆ. ಹಾಡಿನಲ್ಲಿ ಪದಗಳ ನಡುವಿನ ಬಿಡುವೂ ಹಾಗೆಯೇ. ಬರಹದಲ್ಲಿ ಪದಗಳ ನಡುವೆ ಜಾಗವಿರುತ್ತದೆ, ಬಾಯಲ್ಲಿ ಅದಿಲ್ಲ. ಮಾತಿನಲ್ಲಿ ಸಂಧಿ ಈ ಗಡಿಯನ್ನು ಅಳಿಸಿದರೆ, ಹಾಡಿನಲ್ಲಿ ಗಾಯಕ ಉಸಿರು ತೆಗೆದುಕೊಳ್ಳುವ ಜಾಗ ಹೊಸ ಗಡಿಯನ್ನೇ ಹಾಕುತ್ತದೆ. ಪದದ ನಡುವೆ ತಾಳದ ಪೆಟ್ಟು ಬಿದ್ದರೆ ಆ ಪದ ಅಲ್ಲೇ ಎರಡಾಗುತ್ತದೆ. ತಪ್ಪು ಕೇಳಿಸಿಕೊಳ್ಳುವ ಕಿವಿ ಏನನ್ನೂ ಹೊಸದಾಗಿ ಹುಟ್ಟಿಸುತ್ತಿಲ್ಲ. ರಾಗ ಅಳಿಸಿದ ಗಡಿಗಳನ್ನು ತನಗೆ ತಿಳಿದ ಕಡೆ ಮತ್ತೆ ಎಳೆಯುತ್ತಿದೆ.

ಹಾಗಾದರೆ ಬರಹದ ಪಾತ್ರವೇನು? ಬರಹವಿಲ್ಲದೆ ಅದೇ ಹಾಡನ್ನು ಹತ್ತು ಜನರಿಗೆ ಕೇಳಿಸಿದರೆ ಹತ್ತು ಬಗೆಯ ಗೊಣಗಾಟ ಸಿಗುತ್ತದೆ, ಹೆಚ್ಚಿನವರು ‘ಏನೋ ತೆಲುಗಿನಾಗ ಅಂತಾನ’ ಎಂದು ಬಿಟ್ಟುಬಿಡುತ್ತಾರೆ. ಬರಹ ಕಂಡೊಡನೆ ಹತ್ತೂ ಜನರಿಗೆ ಒಂದೇ ಸಾಲು ಕೇಳಿಸುತ್ತದೆ. ಇದರ ಕಾರಣ ಕಿವಿ ಕೆಲಸ ಮಾಡುವ ರೀತಿಯಲ್ಲಿದೆ. ಅಮೆರಿಕದ ಮನಃಶಾಸ್ತ್ರಜ್ಞ ರಿಚರ್ಡ್ ವಾರೆನ್ 1970ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಧ್ವನಿಮುದ್ರಿಸಿದ ಒಂದು ಇಂಗ್ಲಿಷ್ ವಾಕ್ಯದಲ್ಲಿ ಒಂದು ಪದದ ನಡುವಿನ ‘ಸ’ಕಾರವನ್ನು ಪೂರ್ತಿಯಾಗಿ ಕತ್ತರಿಸಿ ತೆಗೆದು, ಅಲ್ಲಿ ಕೆಮ್ಮಿನ ಸದ್ದನ್ನು ಅಂಟಿಸಿದರು. ಕೇಳಿದ 20 ಜನರಲ್ಲಿ 19 ಮಂದಿ ಯಾವ ಅಕ್ಷರವೂ ಬಿಟ್ಟುಹೋಗಿಲ್ಲ ಎಂದರು. ಕೆಮ್ಮು ಸರಿಯಾಗಿ ಎಲ್ಲಿ ಬಂತು ಎಂದು ತೋರಿಸಲೂ ಅವರಿಗೆ ಆಗಲಿಲ್ಲ. ಇಲ್ಲದ ಅಕ್ಷರವನ್ನು ಮೆದುಳು ವಾಕ್ಯದ ಉಳಿದ ಭಾಗದಿಂದ ಊಹಿಸಿ ತುಂಬಿಕೊಂಡಿತ್ತು, ಮತ್ತು ಆ ಊಹೆ ಊಹೆಯಂತೆ ಅಲ್ಲ, ಕೇಳಿದ್ದರಂತೆಯೇ ಅನುಭವಕ್ಕೆ ಬಂದಿತ್ತು.

ಇದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದದ್ದು 1981ರ ಇನ್ನೊಂದು ಪ್ರಯೋಗ. ರಾಬರ್ಟ್ ರೆಮೆಜ್ ಮತ್ತು ಅವರ ಸಂಗಡಿಗರು ಒಂದು ವಾಕ್ಯದ ಧ್ವನಿಯಿಂದ ಬಹುತೇಕ ಎಲ್ಲವನ್ನೂ ಕಳೆದು, ಏರಿಳಿಯುವ ಮೂರು ಶಿಳ್ಳೆಯಂಥ ಸ್ವರಗಳನ್ನಷ್ಟೇ ಉಳಿಸಿದರು. ಏನೂ ಹೇಳದೆ ಕೇಳಿಸಿದಾಗ ಹೆಚ್ಚಿನವರಿಗೆ ಅದು ವಿಚಿತ್ರ ಸದ್ದಿನಂತೆ ಕಂಡಿತು. ಇದು ಮಾತು, ಏನು ಹೇಳುತ್ತಿದೆ ಎಂದು ಬರೆಯಿರಿ ಎಂದು ಸೂಚಿಸಿದಾಗ ಅನೇಕರಿಗೆ ಅದರಲ್ಲಿ ಪದಗಳೇ ಕೇಳಿಸಿದವು. ಸದ್ದು ಅದೇ; ಬದಲಾದದ್ದು ಕೇಳುವವರ ನಿರೀಕ್ಷೆ. ಅರ್ಥವಾಗದ ಭಾಷೆಯ ಹಾಡು, ಅದರಲ್ಲೂ ಬಸ್ಸಿನ ಹಳೆಯ ಸ್ಪೀಕರಿನಲ್ಲಿ ಬರುವ ಹಾಡು, ಕೇಳುವವನಿಗೆ ಈ ಶಿಳ್ಳೆಗಳಿಗಿಂತ ಹೆಚ್ಚು ಸ್ಪಷ್ಟವೇನಲ್ಲ. ಬರಹ ಬಂದು ನಿರೀಕ್ಷೆಯನ್ನು ಕೊಡುತ್ತದೆ, ಕಿವಿ ಅದಕ್ಕೆ ತಕ್ಕಂತೆ ಸದ್ದನ್ನು ಹೊಲಿದುಕೊಳ್ಳುತ್ತದೆ.

ಅದಕ್ಕಾಗಿಯೇ ಇಂಥ ವಿಡಿಯೊ ಮಾಡುವವರು ಬರಹ ಕಾಣಿಸುವ ಹೊತ್ತಿನ ಬಗ್ಗೆ ಎಚ್ಚರವಾಗಿರಬೇಕಾಗುತ್ತದೆ. ಸಾಲು ಹಾಡಿ ಮುಗಿದ ಮೇಲೆ ಬರಹ ಬಂದರೆ ನಗೆ ಅರ್ಧ ಸತ್ತಂತೆ. ನೋಡುವವನು ಆ ಹೊತ್ತಿಗೆ ತನ್ನದೇ ಆದ ಏನನ್ನೋ ಕೇಳಿಸಿಕೊಂಡಿರುತ್ತಾನೆ, ಅಥವಾ ಕೇಳುವುದನ್ನೇ ಬಿಟ್ಟಿರುತ್ತಾನೆ. ಗಾಯಕ ಬಾಯಿ ತೆರೆಯುವ ಮುನ್ನ, ಕಣ್ಣು ಸಾಲನ್ನು ಓದಿ ಮುಗಿಸುವಷ್ಟು ಮೊದಲು ಬರಹ ಬರಬೇಕು. ತೀರ ಮೊದಲೇ ಬಂದರೂ ಕಷ್ಟ, ಗುಟ್ಟು ಬಯಲಾಗಿ, ಸಾಲು ಕಿವಿಗೆ ಬರುವಷ್ಟರಲ್ಲಿ ನಗೆ ತಣ್ಣಗಾಗಿರುತ್ತದೆ. ಸಾಲು ಉದ್ದವಾಗಿದ್ದರೆ ಅದನ್ನು ರಾಗದ ಉಸಿರಿಗೆ ತಕ್ಕಂತೆ ಎರಡು ತುಂಡು ಮಾಡಿ ತೋರಿಸುವುದು ಒಳ್ಳೆಯದು.

ತುಟಿಯ ವಿಚಾರವೂ ಇದೆ. ನಾವು ಮಾತನ್ನು ಕಿವಿಯಿಂದ ಮಾತ್ರ ಕೇಳುವುದಿಲ್ಲ. ‘ಬ’ ಎಂಬ ಸದ್ದಿಗೆ ‘ಗ’ ಎನ್ನುವ ಬಾಯಿಯ ಚಿತ್ರವನ್ನು ಜೋಡಿಸಿದರೆ ಅನೇಕರಿಗೆ ‘ದ’ ಕೇಳಿಸುತ್ತದೆ ಎಂದು ಮ್ಯಾಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ 1976ರಲ್ಲಿಯೇ ತೋರಿಸಿದ್ದರು. ಪ, ಬ, ಮ ಹೇಳಲು ತುಟಿ ಮುಚ್ಚಲೇಬೇಕು. ನಟಿಯ ಮುಖ ಪರದೆ ತುಂಬ ಇರುವಾಗ, ತುಟಿ ತೆರೆದೇ ಇರುವ ಜಾಗದಲ್ಲಿ ‘ಎಮ್ಮೆ’ ಎಂದು ಬರೆದರೆ ಕಣ್ಣು ಅದನ್ನು ಒಪ್ಪುವುದಿಲ್ಲ, ಕಿವಿಯೂ ಒಪ್ಪುವುದಿಲ್ಲ. ಮೇಲೆ ನಾನು ಹೊಸೆದ ಸಾಲಿನಲ್ಲಿ ನ, ಕ, ಳ, ಲ ಬಿಟ್ಟರೆ ಬೇರೆ ವ್ಯಂಜನವೇ ಇಲ್ಲ. ತೆಲುಗಿನಲ್ಲೂ ಕನ್ನಡದಲ್ಲೂ ತುಟಿ ಒಮ್ಮೆಯೂ ಮುಚ್ಚುವುದಿಲ್ಲ. ಆದ್ದರಿಂದ ಅದನ್ನು ಎಷ್ಟು ಹತ್ತಿರದ ದೃಶ್ಯಕ್ಕೆ ಹಾಕಿದರೂ ನಡೆಯುತ್ತದೆ. ತುಟಿ ಹೊಂದದ ಸಾಲುಗಳಿಗೆ ಹಿಂದೆ ಇಪ್ಪತ್ತು ಜನ ಕುಣಿಯುವ ದೂರದ ದೃಶ್ಯವೇ ಗತಿ.

ಜಗತ್ತಿನಾದ್ಯಂತ ಹೆಸರಾದ ಇಂಥ ಒಂದು ವಿಡಿಯೊ ನಮ್ಮ ನೆರೆಯ ಭಾಷೆಯದೇ ಹಾಡಿನಿಂದ ಹುಟ್ಟಿತು ಎಂಬುದು ಇಲ್ಲಿ ಹೇಳಬೇಕಾದ ಸಂಗತಿ. 2000ನೇ ಇಸವಿಯ ಒಂದು ತಮಿಳು ಚಿತ್ರದಲ್ಲಿ ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ ಕುಣಿದ ಹಾಡದು; ಮೊದಲ ಸಾಲು ‘ಕಲ್ಲೂರಿ ವಾನಿಲ್ ಕಾಯ್ಂದ ನಿಲಾವೋ’, ಅಂದರೆ ಕಾಲೇಜಿನ ಬಾನಿನಲ್ಲಿ ಬೆಳಗಿದ ಚಂದ್ರನೋ. 2007ರಲ್ಲಿ ಬಫಲಾಕ್ಸ್ ಎಂಬ ಹೆಸರಿನ ಅಮೆರಿಕದ ಒಬ್ಬ ವ್ಯಕ್ತಿ ಅದಕ್ಕೆ ಇಂಗ್ಲಿಷಿನಲ್ಲಿ ‘ಮೈ ಲೂನಿ ಬನ್ ಈಸ್ ಫೈನ್, ಬೆನ್ನಿ ಲಾವಾ’ ಎಂದು ಬರಹ ಕೊಟ್ಟು ಯೂಟ್ಯೂಬಿಗೆ ಹಾಕಿದ. ನನ್ನ ಹುಚ್ಚು ಬನ್ನು ಚೆನ್ನಾಗಿದೆ, ಬೆನ್ನಿ ಲಾವಾ ಎಂಬಂಥ ಅರ್ಥಗೆಟ್ಟ ಅರ್ಥ. ಅದು ಎಷ್ಟು ಹಬ್ಬಿತೆಂದರೆ ಆ ಹಾಡಿನ ಮೂಲ ಹೆಸರು ತಿಳಿಯದ ಲಕ್ಷಾಂತರ ಜನರಿಗೆ ಅದರ ಹೆಸರೇ ಬೆನ್ನಿ ಲಾವಾ ಆಯಿತು.

ಈ ಸಾಲನ್ನೂ ಒಡೆದು ನೋಡಬೇಕು. ತಮಿಳಿನಲ್ಲಿ ಕಲ್, ಲೂ, ರಿ, ವಾ, ನಿಲ್, ಕಾಯ್ಂ, ದ, ನಿ, ಲಾ, ವೋ ಎಂದು 10 ತುಂಡು. ಇಂಗ್ಲಿಷಿನಲ್ಲಿ ಮೈ, ಲೂ, ನಿ, ಬನ್, ಈಸ್, ಫೈನ್, ಬೆನ್, ನಿ, ಲಾ, ವಾ ಎಂದು ಅವೂ 10. ವ್ಯಂಜನಗಳು ಬೇಕಾಬಿಟ್ಟಿ ಬದಲಾಗಿವೆ: ‘ಕ’ ಹೋಗಿ ‘ಮ’ ಬಂದಿದೆ, ‘ರ’ ಹೋಗಿ ‘ನ’, ‘ವ’ ಹೋಗಿ ‘ಬ’. ಸ್ವರಗಳು ಮಾತ್ರ ಬಹುಮಟ್ಟಿಗೆ ತಮ್ಮ ಜಾಗ ಬಿಟ್ಟು ಕದಲಿಲ್ಲ, ಲೂ ಇದ್ದಲ್ಲಿ ಲೂ, ಲಾ ಇದ್ದಲ್ಲಿ ಲಾ. ಹಾಡಿನಲ್ಲಿ ಎಳೆಯಲಾಗುವುದು ಸ್ವರ, ವ್ಯಂಜನವಲ್ಲ. ವಾದ್ಯಗಳ ಅಬ್ಬರದಲ್ಲಿ ವ್ಯಂಜನ ಮುಳುಗಿದರೂ ಸ್ವರ ತೇಲುತ್ತದೆ. ಆದ್ದರಿಂದ ಸ್ವರಗಳ ಸರಣಿಯನ್ನು ಉಳಿಸಿಕೊಂಡವನಿಗೆ ವ್ಯಂಜನಗಳಲ್ಲಿ ಸಾಕಷ್ಟು ಸ್ವಾತಂತ್ರ್ಯ ಸಿಗುತ್ತದೆ. ಇಂಥ ಬರಹ ಬರೆಯಲು ಹೊರಟವರಿಗೆ ಇದಕ್ಕಿಂತ ಉಪಯುಕ್ತವಾದ ಸೂತ್ರ ಇನ್ನೊಂದಿಲ್ಲ.

ಆದರೆ ಆ ವಿಡಿಯೊವನ್ನು ಇಲ್ಲಿಯವರಿಗೆ ತೋರಿಸಿದರೆ ಅಮೆರಿಕದವರು ನಕ್ಕಷ್ಟು ನಗುವುದು ಕಷ್ಟ. ತಮಿಳು ಬಾರದ ಕನ್ನಡಿಗನಿಗೂ ‘ವಾನಿಲ್’ ಎಂದರೆ ‘ಬಾನಲ್ಲಿ’ ಎಂಬುದು ಎಲ್ಲೋ ಹೊಳೆಯುತ್ತದೆ. ವಕಾರ, ಬಕಾರಗಳ ಈ ಕೊಡುಕೊಳ್ಳುವಿಕೆ ನಮಗೆ ಹೊಸದಲ್ಲ. ಅರ್ಥ ಹೊಳೆದ ಕಡೆ ಕಿವಿ ಬರಹದ ಮಾತು ಕೇಳುವುದಿಲ್ಲ. ಒಂದು ಭಾಷೆ ಚೆನ್ನಾಗಿ ಬಲ್ಲವನನ್ನು ಆ ಭಾಷೆಯ ಹಾಡಿನಲ್ಲಿ ಮೋಸಗೊಳಿಸಲಾಗದು. ಏನೂ ಗೊತ್ತಿಲ್ಲದವನನ್ನು ಸುಲಭವಾಗಿ ಮೋಸಗೊಳಿಸಬಹುದು, ಆದರೆ ಅವನ ನಗೆ ಅಲ್ಲಿಗೇ ಮುಗಿಯುತ್ತದೆ, ಏಕೆಂದರೆ ಏನು ಕೆಟ್ಟು ಏನಾಯಿತು ಎಂಬುದು ಅವನಿಗೆ ತಿಳಿಯದು. ಹೆಚ್ಚು ರುಚಿ ಇರುವುದು ಅರ್ಧಂಬರ್ಧ ಬಲ್ಲವನಿಗೆ.

ಅರ್ಧಂಬರ್ಧ ಬಲ್ಲವರು ನಮ್ಮ ಸೀಮೆಯಲ್ಲಿ ಇರುವಷ್ಟು ಬೇರೆಲ್ಲಿಯೂ ಇರಲಾರರು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು, ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ರಾಯಚೂರು, ಕೊಪ್ಪಳಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ತುಂಗಭದ್ರಾ ಅಣೆಕಟ್ಟೆಯ ನೀರು ಬಂದ ಮೇಲೆ ಸಿಂಧನೂರು, ಗಂಗಾವತಿ, ಸಿರುಗುಪ್ಪದ ಸುತ್ತ ಆಂಧ್ರದ ರೈತರು ಬಂದು ನೆಲೆಸಿದರು. ಅವರ ಊರುಗಳನ್ನು ಇಂದಿಗೂ ಕ್ಯಾಂಪ್ ಎಂದೇ ಕರೆಯುತ್ತಾರೆ. ಇಲ್ಲಿ ತೆಲುಗು ಚಿತ್ರಗಳು ಥಿಯೇಟರಿಗೆ ನೇರವಾಗಿ ಬರುತ್ತವೆ, ದಖನಿ ಉರ್ದು ಪೇಟೆಯಲ್ಲಿ ದಿನವೂ ಕಿವಿಗೆ ಬೀಳುತ್ತದೆ. ಹೀಗಾಗಿ ‘ನೀ ಕಳ್ಳಲೋ’ ಎಂದಾಗ ಸಿರುಗುಪ್ಪದ ಹುಡುಗನಿಗೆ ಕಣ್ಣೂ ಕಾಣುತ್ತದೆ, ಕಳ್ಳನೂ ಕಾಣುತ್ತಾನೆ. ಎರಡೂ ಅರ್ಥಗಳು ಒಂದೇ ಉಸಿರಿನಲ್ಲಿ ತಗುಲಿದಾಗ ಹುಟ್ಟುವ ನಗೆ, ಒಂದೇ ಅರ್ಥ ಕಂಡವನ ನಗೆಗಿಂತ ಬೇರೆ.

ಇನ್ನು ಆ ನಗೆಯ ಮೂಲಕ್ಕೆ ಬರೋಣ. 1954ರಲ್ಲಿ ಸಿಲ್ವಿಯಾ ರೈಟ್ ಎಂಬ ಅಮೆರಿಕದ ಲೇಖಕಿ ಹಾರ್ಪರ್ಸ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು. ಚಿಕ್ಕಂದಿನಲ್ಲಿ ತಾಯಿ ಓದಿ ಹೇಳುತ್ತಿದ್ದ ಒಂದು ಸ್ಕಾಟಿಷ್ ಲಾವಣಿಯಲ್ಲಿ, ಶತ್ರುಗಳು ಸರದಾರನನ್ನು ಕೊಂದು ಹಸಿರು ಹುಲ್ಲಿನ ಮೇಲೆ ಮಲಗಿಸಿದರು ಎಂಬರ್ಥದ ಸಾಲಿತ್ತು. ಮಗುವಿನ ಕಿವಿಗೆ ಅದರ ‘ಲೇಡ್ ಹಿಮ್ ಆನ್ ದ ಗ್ರೀನ್’ ಎಂಬ ಮಾತು ಲೇಡಿ ಮೊಂಡೆಗ್ರೀನ್ ಎಂಬ ಹೆಂಗಸಿನ ಹೆಸರಾಗಿ ಕೇಳಿಸಿತು. ಸರದಾರ ಒಬ್ಬನೇ ಸಾಯಲಿಲ್ಲ, ಅವನ ಜೊತೆಗೆ ಒಬ್ಬ ಚೆಲುವೆಯೂ ಪ್ರಾಣ ಬಿಟ್ಟಳು ಎಂದು ಆ ಮಗು ಎಷ್ಟೋ ಕಾಲ ನಂಬಿತ್ತು. ಇಂಥ ತಪ್ಪುಗಳಿಗೆ ಇಂಗ್ಲಿಷಿನಲ್ಲಿ ಆ ಹೆಂಗಸಿನ ಹೆಸರೇ ನಿಂತಿತು. ರೈಟ್ ಅವರ ವಾದದಲ್ಲಿ ನನಗೆ ಮುಖ್ಯವೆನಿಸುವುದು ಹೆಸರಲ್ಲ. ಇವು ಮೂಲಕ್ಕಿಂತ ಉತ್ತಮವಾಗಿರುತ್ತವೆ ಎಂದು ಅವರು ನೇರವಾಗಿ ಹೇಳಿದ್ದು.

ಚಿತ್ರಗೀತೆಗಳ ಮಟ್ಟಿಗೆ ಈ ಮಾತು ಅಕ್ಷರಶಃ ನಿಜ, ಅದಕ್ಕೆ ಕಾರಣ ಮೂಲದ ಬಡತನ. ಪ್ರೇಮಗೀತೆಯ ಶಬ್ದಭಂಡಾರ ಬಹಳ ಚಿಕ್ಕದು. ಕಣ್ಣು, ಕನಸು, ಎದೆ, ನಗು, ಚಂದ್ರ, ಉಸಿರು, ಜನ್ಮ. ಅರ್ಧ ಸಾಲು ಕೇಳಿದರೆ ಉಳಿದರ್ಧ ಹೇಳಿಬಿಡಬಹುದು. ನಿರೀಕ್ಷೆ ಅಷ್ಟು ಗಟ್ಟಿಯಾಗಿ ಕೂತಿದೆ. ತಪ್ಪು ಬರಹ ಆ ನಿರೀಕ್ಷೆಯನ್ನು ಬೀಳಿಸುವುದು ಎತ್ತರದಿಂದ ಮನೆಯಂಗಳಕ್ಕೆ: ಕಳ್ಳ, ಎಮ್ಮೆ, ಚಟ್ನಿ, ಸಾಲ, ಮಾವ. ಉರ್ದು ಗಜಲುಗಳ ಸವೆದ ಮಾತು ‘ಹಾಲ್-ಎ-ದಿಲ್’ ಅನ್ನು ತೆಗೆದುಕೊಳ್ಳಿ, ಹೃದಯದ ಪಾಡು ಎಂದರ್ಥ. ಗಾಯಕ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ನೋವಿನಿಂದ ಅದನ್ನು ಎಳೆಯುವಾಗ ಕೆಳಗೆ ‘ಹಾಲೇ ಇಲ್ಲ’ ಎಂದು ಬಂದರೆ, ಅಷ್ಟೂ ನೋವು ಬೆಳಗಿನ ಚಹಾದ ಕಡೆಗೆ ತಿರುಗುತ್ತದೆ. ನೋವು ಸುಳ್ಳಲ್ಲ, ಅದರ ಕಾರಣ ಬದಲಾಯಿತು. ತೆಲುಗಿನಲ್ಲಿ ಗೆಳತಿಯನ್ನು ‘ಓ ಚೆಲೀ’ ಎಂದು ಕರೆಯುತ್ತಾರೆ; ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಕೂತು ‘ಓ ಚಳೀ’ ಎಂದು ಓದಿದವನಿಗೆ ನಾಯಕನ ವಿರಹ ತನ್ನದೇ ವಿರಹವಾಗಿ ಕಾಣದಿರುವುದಿಲ್ಲ.

ಅಣಕು ಹಾಡಿನಿಂದ ಇದು ಬೇರೆಯಾಗುವುದು ಇಲ್ಲಿಯೇ. ಅಣಕು ಹಾಡಿನಲ್ಲಿ ಕವಿ ಪದಗಳನ್ನು ಬದಲಿಸಿ ತಾನೇ ಹಾಡುತ್ತಾನೆ. ನಗಿಸಬೇಕೆಂದು ಹಾಡುತ್ತಿದ್ದಾನೆ ಎಂಬುದು ಕೇಳುವವನಿಗೆ ಗೊತ್ತು. ಇಲ್ಲಿ ಹಾಡುವವನು ನಗಿಸುತ್ತಿಲ್ಲ. ಅವನ ಗಂಭೀರತೆ ಪೂರ್ತಿ ನಿಜವಾದದ್ದು, ಆರ್ಕೆಸ್ಟ್ರಾದ ವಯಲಿನ್‌ಗಳೂ ಅಷ್ಟೇ ಗಂಭೀರವಾಗಿ ನುಡಿಯುತ್ತಿವೆ, ‘ಹಾಲೇ ಇಲ್ಲ’ ಎಂಬುದಕ್ಕೆ. ತಪ್ಪು ಮಾಡುತ್ತಿರುವುದು ಕೇಳುವವನ ಸ್ವಂತ ಕಿವಿ. ಭರತನ ನಾಟ್ಯಶಾಸ್ತ್ರ ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ವಿಂಗಡಿಸುತ್ತದೆ, ತಾನೇ ನಗುವುದು ಒಂದು, ಪರರನ್ನು ನಗಿಸುವುದು ಇನ್ನೊಂದು. ಈ ವಿಡಿಯೊಗಳಲ್ಲಿ ಅವೆರಡೂ ಬೆರೆತಿವೆ ಎನ್ನಬಹುದು: ಬೇರೆಯವನು ಬರೆದ ತಮಾಷೆಗೆ ನಾವು ನಗುತ್ತೇವೆ, ಅದಕ್ಕೆ ಶರಣಾದ ನಮ್ಮ ಕಿವಿಗೂ ನಗುತ್ತೇವೆ. ಬೇಡವೆಂದರೂ ಮತ್ತೊಮ್ಮೆ ಅದೇ ಕೇಳಿಸಿದಾಗ ನಗು ಇಮ್ಮಡಿಯಾಗುವುದು ಈ ಎರಡನೆಯ ಕಾರಣದಿಂದ.

ಪದವನ್ನು ಬೇರೆ ಕಡೆ ಒಡೆಯುವ ಈ ಆಟ ಈ ನೆಲಕ್ಕೆ ಫೋನಿನ ಜೊತೆಗೆ ಬಂದದ್ದೇನೂ ಅಲ್ಲ. ಹಂಪಿಯ ಹೊಳೆದಂಡೆಯಲ್ಲಿ ಇಂದಿಗೂ ಯಾರ ಹೆಸರಿನ ಮಂಟಪವಿದೆಯೋ ಆ ಪುರಂದರದಾಸರು 16ನೇ ಶತಮಾನದಲ್ಲಿಯೇ ‘ರಾಗಿ ತಂದಿರಾ ಭಿಕ್ಷಕೆ ರಾಗಿ ತಂದಿರಾ’ ಎಂದು ಹಾಡಿದರು. ಮುಂದೆ ‘ಯೋಗ್ಯರಾಗಿ, ಭೋಗ್ಯರಾಗಿ, ಭಾಗ್ಯವಂತರಾಗಿ’ ಎಂದು ಬರುತ್ತದೆ. ಧಾನ್ಯದ ರಾಗಿಯೂ ಆಗುವ ರಾಗಿಯೂ ಒಂದೇ ಸದ್ದಿನಲ್ಲಿ ಸಿಕ್ಕಿಕೊಂಡಿವೆ. ತಪ್ಪು ಕೇಳಿಸಿಕೊಳ್ಳುವ ಕಿವಿ ಏನು ಮಾಡುತ್ತದೆ ಎಂಬುದನ್ನು ಬಲ್ಲ ವಾಗ್ಗೇಯಕಾರ ಅದನ್ನು ಮೊದಲೇ ಊಹಿಸಿ, ಎರಡು ಅರ್ಥಗಳಿಗೂ ಎಲೆ ಹಾಕಿ ಕೂರಿಸಿದ್ದಾರೆ. ದಾಸರಲ್ಲಿ ಇದು ಶ್ಲೇಷೆ, ಉದ್ದೇಶಪೂರ್ವಕ, ಎರಡನೆಯ ಅರ್ಥ ಮೊದಲನೆಯದನ್ನು ಮೇಲಕ್ಕೆತ್ತುತ್ತದೆ. ಸಬ್‌ಟೈಟಲ್ ತಮಾಷೆಯಲ್ಲಿ ದಿಕ್ಕು ತಿರುವು ಮುರುವು, ಮೇಲಿದ್ದದ್ದು ಕೆಳಗೆ ಬರುತ್ತದೆ. ಆದರೆ ಬಳಸಿದ ಕೀಲು ಒಂದೇ.

ಇನ್ನು ಕೆಡುವ ಬಗೆಗಳು. ಎಷ್ಟೋ ವಿಡಿಯೊಗಳಲ್ಲಿ ಬರಹ ಸದ್ದಿಗೆ ಹೊಂದುವುದೇ ಇಲ್ಲ. ಬೈಗುಳ ಬರೆಯಬೇಕೆಂಬ ಆತುರದಲ್ಲಿ ಸ್ವರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಎರಡಕ್ಷರ ಹೊಂದಿದರೆ ಸಾಕೆಂದು ಬಿಡುತ್ತಾರೆ. ಓದಿದವನು ನಗುವುದು ಬೈಗುಳಕ್ಕೆ, ಹಾಡಿಗಲ್ಲ. ಇದನ್ನು ಪತ್ತೆ ಹಚ್ಚುವುದು ಸುಲಭ. ಬರಹವನ್ನು ಒಮ್ಮೆ ಓದಿ, ಕಣ್ಣು ಮುಚ್ಚಿ ಹಾಡು ಕೇಳಬೇಕು. ಒಳ್ಳೆಯ ಬರಹವಾಗಿದ್ದರೆ ಕಣ್ಣು ಮುಚ್ಚಿದರೂ ಕಿವಿಯಲ್ಲಿ ಅದೇ ಇರುತ್ತದೆ, ಕೆಟ್ಟದ್ದಾಗಿದ್ದರೆ ಬರಹ ಮರೆಯಾದೊಡನೆ ಹಾಡು ತನ್ನ ಮೂಲಕ್ಕೆ ಜಾರುತ್ತದೆ. ಇನ್ನೊಂದು ಬಗೆ ಹೆಚ್ಚು ಕುಶಲವಾದದ್ದು. ಬರಹಕ್ಕೆ ಹೊಂದಲೆಂದು ಧ್ವನಿಯನ್ನೇ ತಿದ್ದುತ್ತಾರೆ: ವೇಗ ಇಳಿಸುವುದು, ಹೊಂದದ ಒಂದು ವ್ಯಂಜನದ ಮೇಲೆ ಡ್ರಮ್ಮಿನ ಪೆಟ್ಟು ಅಂಟಿಸುವುದು, ಒಂದು ಅಕ್ಷರ ಕತ್ತರಿಸುವುದು. ವಾರೆನ್ ಅವರ ಕೆಮ್ಮಿನ ಪ್ರಯೋಗವನ್ನು ತಿಳಿಯದೆಯೇ ಮತ್ತೆ ಮಾಡಿದಂತೆ. ಮೂಲ ಹಾಡನ್ನು ಬೇರೆ ಕಡೆ ಹುಡುಕಿ ಅದೇ ಸಾಲನ್ನು ಕೇಳಿ ಹೋಲಿಸಿದರೆ ಇದು ಬಯಲಾಗುತ್ತದೆ. ನನ್ನ ಮಟ್ಟಿಗೆ ಇದು ಆಟದಲ್ಲಿ ಮೋಸ. ಬದಲಿಸದ ಸದ್ದಿನಲ್ಲಿ ಬೇರೆ ಅರ್ಥ ಹುಡುಕುವುದೇ ಪಣವಾಗಿರುವಾಗ ಸದ್ದನ್ನೇ ಬದಲಿಸಿದ ಮೇಲೆ ಗೆದ್ದದ್ದೇನು?

ಈ ಪಣದಿಂದ ಒಂದು ಒಳ್ಳೆಯ ಇಕ್ಕಟ್ಟೂ ಹುಟ್ಟುತ್ತದೆ. ನಮ್ಮ ಕಡೆ ಮಾತಿನಲ್ಲಿ ‘ಲೋ’ಗಿಂತ ‘ಲೇ’ ಹೆಚ್ಚು: ‘ಏನ್ಲೇ’, ‘ಬಾರ್ಲೇ’. ‘ಕಳ್ಳ ಅದಿಯಲೇ ನೀನು’ ಎಂದರೆ ಇಲ್ಲಿಯವರ ಬಾಯಿಗೆ ಸರಿ. ಆದರೆ ತೆಲುಗು ಕೊಡುವುದು ‘ಲೋ’, ಹಾಗಾಗಿ ಸಿರುಗುಪ್ಪದ ಹುಡುಗ ಬರೆದ ಸಾಲಿನಲ್ಲೂ ತೆಲುಗು ನಾಯಕ ಮೈಸೂರು ಸೀಮೆಯವನಂತೆ ಬೈಯುತ್ತಾನೆ. ಈ ಅನುಚಿತ ದನಿಯೂ ನಗೆಗೆ ಒಂದಿಷ್ಟು ಒಗ್ಗರಣೆ ಹಾಕುತ್ತದೆ ಎಂದು ನನಗನ್ನಿಸುತ್ತದೆ.

ಬೆನ್ನಿ ಲಾವಾದಂಥ ವಿಡಿಯೊಗಳ ಬಗ್ಗೆ ಇರುವ ಆಕ್ಷೇಪ ಬೇರೆ ಜಾತಿಯದು. ದೂರದವನೊಬ್ಬ ತನಗೆ ಒಂದಕ್ಷರ ಬಾರದ ಭಾಷೆಯನ್ನು ಅರ್ಥವಿಲ್ಲದ ಸದ್ದೆಂದು ಬಗೆದು, ಆ ಭಾಷೆಯವರನ್ನು ಪರದೆಯ ಮೇಲೆ ಹುಚ್ಚರಂತೆ ನಿಲ್ಲಿಸುತ್ತಾನೆ ಎಂಬುದು ಅದರ ಸಾರ. ಆ ಆಕ್ಷೇಪದಲ್ಲಿ ಹುರುಳಿದೆ. ಹಾಗೆಂದು ಅದನ್ನು ಇಲ್ಲಿಯ ವಿಡಿಯೊಗಳಿಗೆ ಇದ್ದಂತೆಯೇ ಅಂಟಿಸಲು ಬರುವುದಿಲ್ಲ, ಏಕೆಂದರೆ ಗಂಗಾವತಿಯ ಕ್ಯಾಂಪಿನಲ್ಲಿ ತೆಲುಗು ಮನೆಮಾತಿನ ಹುಡುಗನೇ ಕನ್ನಡ ಶಾಲೆಯ ಗೆಳೆಯರಿಗಾಗಿ ‘ನೀನವ್ವ ಲೋ’ ಎಂದು ಬರೆಯುವುದುಂಟು. ಆ ಹುಡುಗನಿಗೆ ಸರಿಯಾದ ಸಾಲು ಗೊತ್ತು. ಅದೇ ವಿಡಿಯೊ ಮೈಸೂರಿಗೆ ಹೋದರೆ ‘ಲೋ’ ಚೆನ್ನಾಗಿಯೇ ತಾಗುತ್ತದೆ, ಆದರೆ ಹಿಂದಿರುವ ತೆಲುಗಿನ ‘ನವ್ವು’ ಅನೇಕರಿಗೆ ಕಾಣುವುದಿಲ್ಲ. ಆದೋನಿಯ ಒಳಹಳ್ಳಿಗೆ ಹೋದರೆ ‘ನವ್ವು’ ಕಾಣುತ್ತದೆ, ಬರಹದ ಲಿಪಿ ಓದಲು ಬರುವುದಿಲ್ಲ. ಎರಡೂ ಕಡೆ ಅರ್ಧ ನಗೆ. ಪೂರ್ತಿ ನಗೆ ಸಿಗುವ ಪಟ್ಟಿ ಬಳ್ಳಾರಿಯಿಂದ ರಾಯಚೂರಿನವರೆಗೆ, ಹೊಳೆಯ ಈ ದಂಡೆ ಆ ದಂಡೆಗಳಲ್ಲಿ ಹರಡಿಕೊಂಡಿದೆ, ಮತ್ತು ಅಲ್ಲಿಯೂ ತೆಲುಗನ್ನು ಚೆನ್ನಾಗಿ ಕಲಿತುಬಿಟ್ಟವನಿಗೆ ‘ಕಳ್ಳಲೋ’ ಎಂಬಲ್ಲಿ ಕಳ್ಳ ಸಿಗುವುದು ದಿನೇ ದಿನೇ ಕಷ್ಟವಾಗುತ್ತ ಹೋಗುತ್ತದೆ.